ಲೆಕ್ಕ ಕೆಟ್ಟ ಖಾತೆಯನ್ನು ಕೈಗೊಪ್ಪಿಸುವಾಗ

ಓದುಗರ ಪತ್ರ: ನಾನು ಗೂಗಲ್ ಆ್ಯಡ್ಸ್ ಖಾತೆಗಳನ್ನು ನೋಡಿಕೊಳ್ಳುತ್ತೇನೆ. ಮುಂದಿನ ವಾರ ಬೇರೆ ತಂಡಕ್ಕೆ ಹೋಗಬೇಕು. ನನ್ನ ಕೈಯಲ್ಲಿರುವ ಒಂದು ಖಾತೆ ಈಗಾಗಲೇ ಮೂವರ ಕೈ ದಾಟಿದೆ. ತಿಂಗಳ ಬಜೆಟ್ ಅರ್ಧ ಮುಗಿದಿದೆ. ರಿಪೋರ್ಟ್ ಹೇಳುವ ಅಂಕಿಗೂ ಕ್ಲೈಂಟ್ ಹೇಳುವ ಅಂಕಿಗೂ ತಾಳೆಯಿಲ್ಲ. ಹೊಸದಾಗಿ ಬರುವವರಿಗೆ ಒಂದು ಟಿಪ್ಪಣಿ ಬರೆದಿಡಬೇಕು. ಎಲ್ಲಿಂದ ಶುರು ಮಾಡಲಿ, ಏನೇನು ಬರೆಯಲಿ?

ಸಂಪಾದಕರ ಉತ್ತರ: ತಾಳೆಯಾಗದ ಆ ಅಂಕಿಯಿಂದಲೇ ಶುರು ಮಾಡಿ. ಕ್ಯಾಂಪೇನ್‌ಗಳ ಪಟ್ಟಿ, ಕೀವರ್ಡ್‌ಗಳು, ಬಜೆಟ್ ಎಲ್ಲವೂ ಹೊಸಬರಿಗೆ ಖಾತೆ ತೆರೆದ ಕೂಡಲೇ ಕಾಣುತ್ತವೆ. ಯಾವ ಅಂಕಿಯನ್ನು ನಂಬಬಾರದು, ಆ ಅಂಕಿಯನ್ನು ನಂಬಿ ಯಾರು ಏನು ಬದಲಿಸಿದರು ಎಂಬುದು ಮಾತ್ರ ಕಾಣುವುದಿಲ್ಲ. Change history ತೆರೆದರೆ ಕಳೆದ 2 ವರ್ಷದ ಬದಲಾವಣೆಗಳು ಸಿಗುತ್ತವೆ. ಯಾರು, ಯಾವತ್ತು, ಏನು ಮಾಡಿದರು ಎಂದು ಅದು ಹೇಳುತ್ತದೆ. ಯಾಕೆ ಮಾಡಿದರು ಎಂದು ಹೇಳುವುದಿಲ್ಲ. ನಿಮ್ಮ ಟಿಪ್ಪಣಿ ಇರಬೇಕಾದ್ದು ಆ ‘ಯಾಕೆ’ಗಾಗಿ.

ಇಂಥ ಖಾತೆಗಳಲ್ಲಿ ಜಾಸ್ತಿ ಕಾಣುವ ತೊಂದರೆ ಒಂದೇ ಕನ್ವರ್ಷನ್, ಅಂದರೆ ಜಾಹೀರಾತಿನಿಂದ ಬಂದವರು ಫಾರ್ಮ್ ತುಂಬುವಂಥ ಕೆಲಸ, ಎರಡು ಸಲ ಎಣಿಕೆಯಾಗುವುದು. ನಿಮ್ಮದೂ ಅದೇ ಇರಬಹುದು, ಮೊದಲು ಅದನ್ನು ನೋಡಿ. ಸಾಮಾನ್ಯವಾಗಿ ಹೀಗಾಗುತ್ತದೆ. ಫಾರ್ಮ್ ತುಂಬಿದವರನ್ನು ಎಣಿಸಲು ವೆಬ್‌ಸೈಟಿನಲ್ಲಿ ಮೊದಲೇ ಒಂದು ಟ್ಯಾಗ್ ಇರುತ್ತದೆ. ನಂತರ ಬಂದವರು ಅದೇ ಫಾರ್ಮ್‌ನ ಲೆಕ್ಕವನ್ನು ಗೂಗಲ್ ಅನಲಿಟಿಕ್ಸ್‌ನಿಂದಲೂ ತಂದು ಸೇರಿಸುತ್ತಾರೆ. ಎರಡೂ Primary ಆಗಿ, ಅಂದರೆ ಬಿಡ್ ನಿರ್ಧಾರಕ್ಕೆ ಬಳಸುವ ಎಣಿಕೆಯಾಗಿ ಉಳಿಯುತ್ತವೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಕ್ಯಾಂಪೇನ್ ಪಟ್ಟಿಯನ್ನು ಕನ್ವರ್ಷನ್ ಆ್ಯಕ್ಷನ್ ಪ್ರಕಾರ ಬಿಡಿಸಿ ನೋಡಿ. ಎರಡು ಹೆಸರುಗಳು ದಿನದಿನವೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತಿದ್ದರೆ, ಒಬ್ಬನೇ ಮನುಷ್ಯ ಎರಡು ಸಲ ಲೆಕ್ಕಕ್ಕೆ ಸೇರುತ್ತಿದ್ದಾನೆ ಎಂದರ್ಥ.

ಇಷ್ಟೇ ಆಗಿದ್ದರೆ ಒಂದನ್ನು ತೆಗೆದುಬಿಟ್ಟರೆ ಮುಗಿಯಿತು, ಅಲ್ವಾ? ಮುಗಿಯುವುದಿಲ್ಲ. ಹೊಸಬರು ಎಡವುವುದೇ ಇಲ್ಲಿ, ಹಾಗಾಗಿ ಒಂದು ಲೆಕ್ಕವನ್ನು ಪೂರ್ತಿ ಹಾಕಿ ತೋರಿಸುತ್ತೇನೆ.

ಮೊದಲು ತಿಂಗಳಿಗೆ 60 ಜನ ಫಾರ್ಮ್ ತುಂಬುತ್ತಿದ್ದರು, ಖರ್ಚು 6,000 ಎಂದುಕೊಳ್ಳಿ. ಒಬ್ಬರಿಗೆ 100 ಬಿತ್ತು. ಎರಡನೇ ಎಣಿಕೆ ಸೇರಿದ ಮೇಲೆ ರಿಪೋರ್ಟಿನಲ್ಲಿ 120 ಎಂದು ಬರುತ್ತದೆ, ಒಬ್ಬರ ಖರ್ಚು 50 ಎಂದು ಕಾಣುತ್ತದೆ. ಆಗ ಖಾತೆ ನೋಡುತ್ತಿದ್ದವರು, 50ಕ್ಕೇ ಸಿಗುತ್ತಿದ್ದಾರಲ್ಲ, ಇನ್ನಷ್ಟು ಜನರನ್ನು ತರೋಣ ಎಂದು ಟಾರ್ಗೆಟ್ ಸಿಪಿಎಯನ್ನು, ಅಂದರೆ ಒಂದು ಕನ್ವರ್ಷನ್‌ಗೆ ಸರಾಸರಿ ಇಷ್ಟು ಕೊಡಬಹುದು ಎಂಬ ಗುರಿಯನ್ನು, 60ಕ್ಕೆ ಇಟ್ಟರು. ಅವರ ಕಣ್ಣಿಗೆ ಅದು ಉದಾರ ಗುರಿ. ಆದರೆ ನಿಜವಾದ ಒಬ್ಬ ಮನುಷ್ಯ 2 ಎಂದು ಎಣಿಕೆಯಾಗುವಾಗ 60ರ ಗುರಿ ಎಂದರೆ ಒಬ್ಬರಿಗೆ 120 ಕೊಡಲು ಒಪ್ಪಿದ ಹಾಗೆ. ರಿಪೋರ್ಟ್ 60 ಎನ್ನುತ್ತದೆ, ಕ್ಲೈಂಟ್ ತನ್ನ ಪುಸ್ತಕದಲ್ಲಿ 120 ನೋಡುತ್ತಾನೆ. ಜಗಳ ಹುಟ್ಟುವುದು ಇಲ್ಲಿಂದಲೇ.

ಈಗ ಹೊಸಬರು ಬಂದರು. ಎರಡು ಎಣಿಕೆ ಇರುವುದು ಕಣ್ಣಿಗೆ ಬಿತ್ತು. ಒಳ್ಳೆಯ ಕೆಲಸ ಎಂದುಕೊಂಡು ಒಂದನ್ನು ಅವತ್ತೇ Secondary ಮಾಡಿದರು, ಅಂದರೆ ಬಿಡ್ ಲೆಕ್ಕದಿಂದ ಹೊರಗಿಟ್ಟು ನೋಡಲು ಮಾತ್ರ ಉಳಿಸಿಕೊಂಡರು. ಗುರಿ ಮಾತ್ರ 60ರಲ್ಲೇ ಉಳಿಯಿತು. ಇಲ್ಲಿಯವರೆಗೆ 120 ಕೊಟ್ಟು ತರುತ್ತಿದ್ದ ಮನುಷ್ಯನನ್ನು ಈಗ 60ಕ್ಕೆ ತಾ ಎಂದ ಹಾಗಾಯಿತು. ಬಿಡ್ ಇಳಿಯುತ್ತದೆ, ಜಾಹೀರಾತು ಕಾಣುವುದು ಕಡಿಮೆಯಾಗುತ್ತದೆ, ಬಜೆಟ್ ಖರ್ಚಾಗದೆ ಉಳಿಯುತ್ತದೆ. ಕ್ಲೈಂಟ್‌ಗೆ ಅನ್ನಿಸುವುದು ಒಂದೇ: ಹೊಸಬರು ಬಂದು ಖಾತೆ ಕೆಡಿಸಿದರು. ಸರಿಯಾದ ಕೆಲಸವನ್ನೇ ಮಾಡಿದವರಿಗೆ ಈ ಮಾತು ಬರುವುದು ನನಗೆ ತುಂಬಾ ಬೇಸರದ ವಿಷಯ. ನಿಮ್ಮ ಟಿಪ್ಪಣಿಯಲ್ಲಿ ಎರಡು ಸಾಲು ಇದ್ದಿದ್ದರೆ ಇದು ತಪ್ಪುತ್ತಿತ್ತು.

ಆ ಎರಡು ಸಾಲು ಇವು: ಎಣಿಕೆಯನ್ನೂ ಗುರಿಯನ್ನೂ ಒಂದೇ ದಿನ ಬದಲಿಸಬೇಕು. ಒಂದು ಎಣಿಕೆಯನ್ನು Secondary ಮಾಡಿದ ದಿನವೇ ಗುರಿಯನ್ನು 60ರಿಂದ 120ಕ್ಕೆ ಏರಿಸಬೇಕು. 120 ಎಂದು ಬರೆಯಲು ಕೈ ಹಿಂದೇಟು ಹಾಕಬಹುದು, ಆದರೆ ಅದು ಖಾತೆ ಈಗ ನಿಜವಾಗಿ ಕೊಡುತ್ತಿರುವ ಬೆಲೆ, ಅಷ್ಟೇ. ಹಳೆಯ 100ಕ್ಕೆ ಬರಬೇಕಿದ್ದರೆ ಒಂದೊಂದೇ ಹೆಜ್ಜೆ, ನಡುವೆ ಅಂಕಿ ನೆಲೆ ನಿಲ್ಲಲು ಸಮಯ ಕೊಟ್ಟು ಇಳಿಸಬೇಕು.

ಎಣಿಕೆ ಯಾವಾಗಲೂ ಸರಿಯಾಗಿ ಇಮ್ಮಡಿ ಇರುವುದಿಲ್ಲ. ಅನಲಿಟಿಕ್ಸ್ ಕೆಲವರನ್ನು ಬಿಟ್ಟಿರುತ್ತದೆ. 60 ಜನ ಬಂದಲ್ಲಿ ರಿಪೋರ್ಟ್ 110 ತೋರಿಸಿದರೆ ಪಟ್ಟು 1.83, ಗುರಿಯೂ ಸುಮಾರು 110 ಆಗುತ್ತದೆ. ಈ ಪಟ್ಟನ್ನು ನೀವೇ ಲೆಕ್ಕ ಹಾಕಿ ಟಿಪ್ಪಣಿಯಲ್ಲಿ ಬರೆದುಬಿಡಿ. ಕ್ಲೈಂಟ್ ಪುಸ್ತಕದಿಂದ ಜಾಹೀರಾತಿನ ಮೂಲಕ ಬಂದವರನ್ನು ಮಾತ್ರ ಎಣಿಸಿ. ಆ್ಯಡ್ಸ್‌ನ ಕಡೆಯಿಂದ, ಕನ್ವರ್ಷನ್ ಆದ ದಿನದ ಪ್ರಕಾರ ತೋರಿಸುವ ಕಾಲಂ ತೆಗೆದುಕೊಳ್ಳಿ. ಮಾಮೂಲಿ ಕಾಲಂ ಕನ್ವರ್ಷನ್ ಅನ್ನು ಕ್ಲಿಕ್ ಆದ ದಿನಕ್ಕೆ ಬರೆಯುತ್ತದೆ. ಇವತ್ತು ಕ್ಲಿಕ್ ಮಾಡಿ ಮುಂದಿನ ವಾರ ಫಾರ್ಮ್ ತುಂಬಿದವರು ಇವತ್ತಿನ ಲೆಕ್ಕಕ್ಕೇ ಸೇರುತ್ತಾರೆ. ಹಾಗಾಗಿ ಕೊನೆಯ ಕೆಲವು ದಿನಗಳ ಅಂಕಿ ಯಾವಾಗಲೂ ಕಡಿಮೆ ಕಾಣುತ್ತದೆ. ತಿಂಗಳ ನಡುವೆ ಬಂದವರು ಅದನ್ನು ನೋಡಿ ಗಾಬರಿಯಾಗಿ ಇನ್ನೇನೋ ಬದಲಿಸಿಬಿಡುತ್ತಾರೆ. ನಿಮ್ಮ ಖಾತೆಯಲ್ಲಿ ಬಹುಪಾಲು ಜನ ಎಷ್ಟು ದಿನದೊಳಗೆ ಫಾರ್ಮ್ ತುಂಬುತ್ತಾರೆ ಎಂಬುದನ್ನೂ ಬರೆದಿಡಿ.

ಬದಲಾವಣೆ ಆದ ಮೇಲೆ ಮೊದಲ ಕೆಲವು ವಾರ ಬಿಡ್ ಏರಿಳಿತ ಕಾಣಬಹುದು, ಯಾಕೆಂದರೆ ಸಿಸ್ಟಂ ಹಳೆಯ ಎಣಿಕೆಯಿಂದಲೇ ಕಲಿತಿರುತ್ತದೆ. ಆ ಸಮಯದಲ್ಲಿ ದಿನದ ಬಜೆಟ್ ಏರಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿ. ಒಂದು ದಿನ ಬಜೆಟ್ಟಿನ 2 ಪಟ್ಟಿನವರೆಗೂ ಖರ್ಚಾಗಬಹುದು, ಅದು ಸಾಮಾನ್ಯ. ದಿನದ ಬಜೆಟ್ ಬದಲಿಸದೆ ಬಿಟ್ಟರೆ ತಿಂಗಳ ಮಿತಿ ಅದರ 30.4 ಪಟ್ಟು. ಅರ್ಧ ಮುಗಿದ ಬಜೆಟ್ ವಿಷಯದಲ್ಲಿ, ಕೈಗೊಪ್ಪಿಸುವ ದಿನ ಎಷ್ಟು ಖರ್ಚಾಗಿತ್ತು, ಎಷ್ಟು ಉಳಿದಿತ್ತು ಎಂಬ ಒಂದು ಸಾಲು ಸಾಕು.

ನಿಮ್ಮ ಹಿಂದಿನ ಮೂವರ ಬಗ್ಗೆ ಟಿಪ್ಪಣಿಯಲ್ಲಿ ತೀರ್ಪು ಬರೆಯಬೇಡಿ. ‘ಗುರಿ 60ಕ್ಕೆ ಇಟ್ಟದ್ದು ಈ ತಾರೀಕು, ಆಗ ರಿಪೋರ್ಟ್ 50 ತೋರಿಸುತ್ತಿತ್ತು’ ಎಂದರೆ ಓದುವವರಿಗೆ ಕಾರಣ ತಾನಾಗಿ ತಿಳಿಯುತ್ತದೆ. ನೀವೇ ಪರೀಕ್ಷಿಸಿದ್ದನ್ನು ಒಂದು ಕಡೆ, ಬೇರೆಯವರು ಹೇಳಿದ್ದನ್ನು ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಕಲೆಸಿದರೆ ಹೊಸಬರು ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ, ಇಲ್ಲವೇ ಎಲ್ಲವನ್ನೂ ಸುಮ್ನೆ ನಂಬಿಬಿಡುತ್ತಾರೆ. ನಿಲ್ಲಿಸಿಟ್ಟ ಕ್ಯಾಂಪೇನ್‌ಗಳಲ್ಲಿ ಮತ್ತೆ ಶುರು ಮಾಡಬಾರದವು ಯಾವುವು, ಕ್ಲೈಂಟ್‌ಗೆ ಬಾಯಿಮಾತಲ್ಲಿ ಕೊಟ್ಟ ಭರವಸೆಗಳು ಏನಿವೆ, ಇವೆರಡು ಖಾತೆಯೊಳಗೆ ಎಲ್ಲೂ ಸಿಗುವುದಿಲ್ಲ. ಮರೆಯದೆ ಸೇರಿಸಿ. ಗೂಗಲ್ ಕೊಡುವ ಸಲಹೆಗಳು ತಾವಾಗಿಯೇ ಜಾರಿಯಾಗುವ ಸೌಲಭ್ಯ ಆನ್ ಇದೆಯಾ ಎಂದೂ ಒಮ್ಮೆ ನೋಡಿ. ಇದ್ದರೆ ತಾವು ಮಾಡದೇ ಇದ್ದ ಬದಲಾವಣೆಗಳಿಗೆ ಹೊಸಬರು ಉತ್ತರ ಕೊಡಬೇಕಾಗುತ್ತದೆ.

ಒಂದು ವಾರ ಇದೆ ಎಂದಿದ್ದೀರಿ. ಎಣಿಕೆ ಸರಿಪಡಿಸುವುದನ್ನು ನೀವು ಹೊರಡುವ ಹಿಂದಿನ ದಿನ ಮಾಡಬೇಡಿ. ಆಮೇಲಿನ ಏರಿಳಿತವನ್ನು ನೋಡುತ್ತಾ ಕೂರುವವರೇ ಅದನ್ನು ಮಾಡಲಿ. ನೀವು ಪಟ್ಟು ಲೆಕ್ಕ ಹಾಕಿ, ಹಳೆಯ ಅಂಕಿಗಳನ್ನು ಕನ್ವರ್ಷನ್ ಆ್ಯಕ್ಷನ್ ಪ್ರಕಾರ ಡೌನ್‌ಲೋಡ್ ಮಾಡಿ ಟಿಪ್ಪಣಿಯ ಜೊತೆ ಇಡಿ. ಮುಂದಿನ ರಿಪೋರ್ಟಿನಲ್ಲಿ ಅಂಕಿ ಅರ್ಧಕ್ಕೆ ಇಳಿಯುತ್ತದೆ, ಬರುವ ಜನ ಕಡಿಮೆಯಾಗಿರುವುದಿಲ್ಲ ಎಂದು ಕ್ಲೈಂಟ್‌ಗೆ ಹೊಸಬರನ್ನು ಜೊತೆಗೆ ಕೂರಿಸಿಕೊಂಡು ನೀವೇ ಹೇಳಿ.