ವಾಕ್-ಇನ್ ಮುಗಿಸಿ ಬಂದ ಮೇಲೆ ಎಚ್‌ಆರ್‌ಗೆ ಏನು ಬರೆಯಬೇಕು?

"ನಿನ್ನೆ ಬೆಂಗಳೂರಲ್ಲಿ ಅಕೌಂಟ್ಸ್ ಪ್ರೊಸೆಸ್ ಕೆಲಸಕ್ಕೆ ವಾಕ್-ಇನ್ ಇತ್ತು, ಹೋಗಿದ್ದೆ. ಬಿ.ಕಾಂ ಫ್ರೆಷರ್. ಮುನ್ನೂರು-ನಾನೂರು ಜನ ಬಂದಿದ್ದರು. ಕೊನೆಗೆ 'ತಿಳಿಸ್ತೀವಿ' ಅಂದು ಕಳಿಸಿದರು. ಅಷ್ಟು ಜನರ ನಡುವೆ ಅವರಿಗೆ ನನ್ನ ನೆನಪಿರಬೇಕಾದರೆ ಈಗ ಏನು ಮಾಡಲಿ?"

ಇವತ್ತೇ ಒಂದು ಮೇಲ್ ಕಳಿಸಿ. ಅದರಲ್ಲಿ ಏನಿರಬೇಕು ಅನ್ನೋದು ಅರ್ಥವಾಗಬೇಕಾದರೆ, ನೀವು ಹೊರಟ ಮೇಲೆ ಒಳಗೆ ಏನಾಗುತ್ತೆ ಅಂತ ಗೊತ್ತಿರಬೇಕು. ನಾನು ಆರು ವರ್ಷ ಇಂಥ ಡ್ರೈವ್‌ಗಳಲ್ಲಿ ಎಚ್‌ಆರ್ ಟೇಬಲ್ ಹಿಂದೆ ಕೂತವಳು.

ಸಂಜೆ ಹೊತ್ತಿಗೆ ನಮ್ಮ ಹತ್ತಿರ ಉಳಿಯೋದು ಒಂದು ರೆಸ್ಯೂಮೆ ರಾಶಿ, ಒಂದು ಎಕ್ಸೆಲ್ ಶೀಟ್. ಒಬ್ಬೊಬ್ಬರಿಗೆ ಒಂದೊಂದು ಸಾಲು: ಟೋಕನ್ ನಂಬರ್, ಹೆಸರು, ಮೊಬೈಲ್, ಯಾವ ಪ್ಯಾನೆಲ್, ಯಾವಾಗ ಸೇರಬಹುದು. ಕೊನೇ ಕಾಲಂನಲ್ಲಿ ಸೆಲೆಕ್ಟ್, ರಿಜೆಕ್ಟ್ ಇಲ್ಲವೇ ಹೋಲ್ಡ್. ಬೆಳಗಿನಿಂದ ಹತ್ತು ಹದಿನೈದು ನಿಮಿಷಕ್ಕೊಬ್ಬರಂತೆ ನೋಡಿದ ಮುಖಗಳು ಯಾರಿಗೂ ನೆನಪಿರಲ್ಲ. ರಿಜೆಕ್ಟ್ ಅಂತ ಬಿದ್ದ ಮೇಲೆ ಎಷ್ಟು ಚೆನ್ನಾಗಿ ಬರೆದರೂ ಅದು ಬದಲಾಗೋದನ್ನ ನಾನು ನೋಡಿಲ್ಲ. ಸೆಲೆಕ್ಟ್ ಆದವರಿಗೆ ನಾವೇ ಫೋನ್ ಮಾಡ್ತೀವಿ. ನಿಮ್ಮ ಮೇಲ್ ಕೆಲಸ ಮಾಡೋದು ಹೋಲ್ಡ್ ಆದವರ ನಡುವೆ. ಆಫರ್ ಸಿಕ್ಕವರಲ್ಲಿ ಕೆಲವರು ಬೇರೆ ಕಡೆ ಸೇರಿಬಿಡ್ತಾರೆ, ಕೆಲವರು ಮಾರ್ಕ್ಸ್ ಕಾರ್ಡ್ ಕೊಡದೆ ದಿನ ತಳ್ಳುತ್ತಾರೆ. ಆಗ ಮ್ಯಾನೇಜರ್ "ಹೋಲ್ಡ್‌ನಲ್ಲಿ ಯಾರಿದ್ದಾರೆ ನೋಡಿ" ಅಂತಾರೆ.

ಒಂದು ಸಲ ಹೀಗೇ ಆಯ್ತು. ಹಾಸನದ ಕಡೆಯ ಹುಡುಗಿ, ನಿಮ್ಮ ಹಾಗೇ ಬಿ.ಕಾಂ. ಪ್ಯಾನೆಲ್‌ನವರು "ಸಪ್ಲೈಯರ್ ಬಿಲ್ ಬಂತು, ದುಡ್ಡು ಕೊಡೋ ಮುಂಚೆ ಏನೇನು ನೋಡ್ತೀರಿ?" ಅಂತ ಕೇಳಿದ್ದರು. ಅವಳು ಪರ್ಚೇಸ್ ಆರ್ಡರ್ ಜೊತೆ ತಾಳೆ ನೋಡ್ತೀನಿ ಅಂದು ಅಲ್ಲಿಗೇ ನಿಂತಿದ್ದಳು. ಹೋಲ್ಡ್ ಬಿತ್ತು. ಮಾರನೇ ದಿನ ಮಧ್ಯಾಹ್ನ ಮೇಲ್ ಬಂತು. "ನಿನ್ನೆ ನಾನು ಆರ್ಡರ್ ಮಾತ್ರ ಹೇಳಿದೆ. ಮಾಲು ಎಷ್ಟು ಬಂದಿದೆ ಅನ್ನೋ ರಶೀದಿಯನ್ನೂ ನೋಡಬೇಕಿತ್ತು. ನೂರು ಆರ್ಡರ್ ಮಾಡಿ ತೊಂಬತ್ತೇ ಬಂದಿದ್ದು, ಬಿಲ್ ನೂರಕ್ಕೆ ಇದ್ದರೆ ಪೇಮೆಂಟ್ ನಿಲ್ಲಿಸಿ ಕೇಳಬೇಕು" ಅಂತ ಬರೆದಿದ್ದಳು. ಕೆಳಗೆ, ರಾತ್ರಿ ಶಿಫ್ಟ್ ಆಗುತ್ತೆ, ಸೋಮವಾರದಿಂದಲೇ ಸೇರಬಲ್ಲೆ ಅಂತ ಒಂದು ಸಾಲು. ಅಷ್ಟೇ. ನಾನು ಅದನ್ನ ಪ್ಯಾನೆಲ್‌ನವರಿಗೆ ಫಾರ್ವರ್ಡ್ ಮಾಡಿದೆ. ಎಂಟು ದಿನದ ಮೇಲೆ ಇಬ್ಬರು ಆಫರ್ ಬಿಟ್ಟಾಗ ಅವರು ಅವಳನ್ನೇ ಕೇಳಿದರು, "ಆ ರಶೀದಿ ಬರೆದ ಹುಡುಗಿ" ಅಂತ.

ಹಾಗಾಗಿ ನಿನ್ನೆ ನೀವು ತಡವರಿಸಿದ ಪ್ರಶ್ನೆ ಯಾವುದು ನೆನಪಿಸಿಕೊಳ್ಳಿ. ಅದರ ಉತ್ತರ ಎರಡು-ಮೂರು ಸಾಲು, ಯಾವಾಗ ಸೇರಬಹುದು, ಯಾವ ಶಿಫ್ಟ್ ಆಗುತ್ತೆ. ಎಲ್ಲಕ್ಕೂ ಸರಿಯಾಗೇ ಉತ್ತರಿಸಿದ್ದರೆ, ಯಾವ ಪ್ಯಾನೆಲ್‌ನವರ ಜೊತೆ ಯಾವ ವಿಷಯ ಮಾತಾಡಿದಿರಿ ಅಂತ ಬರೆಯಿರಿ. "ಈ ಕೆಲಸ ನನಗೆ ತುಂಬಾ ಮುಖ್ಯ" ಅನ್ನೋ ಸಾಲು ಬೇಡ, ಅದು ಎಲ್ಲರ ಮೇಲ್‌ನಲ್ಲೂ ಇರುತ್ತೆ. ರೆಸ್ಯೂಮೆ ಮತ್ತೆ ಲಗತ್ತಿಸಿ, ಫೈಲ್ ಹೆಸರಲ್ಲಿ ನಿಮ್ಮ ಹೆಸರಿರಲಿ. ಸಬ್ಜೆಕ್ಟ್ ಲೈನ್ ಹೀಗಿರಲಿ:

```
Walk-in 14 June | Accounts Payable | Token 212 | Full Name | Mobile
```

ಇಲ್ಲಿ ಟೋಕನ್ ಮತ್ತು ಮೊಬೈಲ್ ನಂಬರ್ ಯಾಕೆ ಅಂದರೆ, ನಾವು ಶೀಟ್‌ನಲ್ಲಿ ಹುಡುಕೋದು ಅವುಗಳಿಂದಲೇ. ಒಂದೇ ಹೆಸರಿನವರು ಮೂರು-ನಾಲ್ಕು ಜನ ಇರ್ತಾರೆ. ಫಾರ್ಮ್‌ನಲ್ಲಿ ಕೊಟ್ಟ ನಂಬರನ್ನೇ ಹಾಕಿ, ಬೇರೆ ಸಿಮ್‌ದು ಬೇಡ. ಎಚ್‌ಆರ್ ಮೇಲ್ ಐಡಿ ನಿಮ್ಮ ಹತ್ತಿರ ಇಲ್ಲದಿದ್ದರೆ, ವಾಕ್-ಇನ್‌ಗೆ ಕರೆದಿದ್ದ ಮೇಲ್ ಅಥವಾ ಜಾಹೀರಾತಿನಲ್ಲಿ ಇರುತ್ತೆ. ಕನ್ಸಲ್ಟೆನ್ಸಿ ಮೂಲಕ ಹೋಗಿದ್ದರೆ ಅವರಿಗೇ ಕಳಿಸಿ. ಅವರನ್ನ ದಾಟಿ ಕಂಪನಿಗೆ ಬರೆದರೆ ಇಬ್ಬರಿಗೂ ಇರುಸುಮುರುಸು.

ಉತ್ತರ ಬರದಿದ್ದರೆ ಐದಾರು ಕೆಲಸದ ದಿನ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಮಾಡಿ, ಹೊಸದಾಗಿ ಬರೆಯಬೇಡಿ. ಹಳೇದು ಕೆಳಗೇ ಇದ್ದರೆ ನಮಗೆ ಹುಡುಕೋ ಕೆಲಸ ಇರಲ್ಲ. ಆಮೇಲೆ ಒಂದೇ ಒಂದು ಫೋನ್. "ಸೆಲೆಕ್ಟ್ ಆದೆನಾ?" ಅಂತ ಕೇಳೋ ಬದಲು "ಟೋಕನ್ 212, ನನ್ನ ಸ್ಟೇಟಸ್ ಹೋಲ್ಡ್ ಇದೆಯಾ, ಕ್ಲೋಸ್ ಆಗಿದೆಯಾ ಮೇಡಂ?" ಅಂತ ಕೇಳಿ. ಇದಕ್ಕೆ ಉತ್ತರ ಹೇಳೋದು ನಮಗೆ ಸುಲಭ. ದಿನಾ ವಾಟ್ಸಾಪ್‌ನಲ್ಲಿ "ಹಾಯ್ ಮೇಡಂ, ಎನಿ ಅಪ್ಡೇಟ್?" ಅಂತ ಕಳಿಸೋರನ್ನ ನಾವು ಮ್ಯೂಟ್ ಮಾಡಿಬಿಡ್ತಿದ್ವಿ. ಬೇಜಾರಿನ ಸಂಗತಿ, ಆದರೆ ನಿಜ.

ಈ ನಡುವೆ ಯಾರಾದರೂ ಫೋನ್ ಮಾಡಿ ಹೋಲ್ಡ್‌ನಿಂದ ಸೆಲೆಕ್ಟ್ ಮಾಡಿಸ್ತೀನಿ, ಡೆಪಾಸಿಟ್ ಕಟ್ಟಿ ಅಂದರೆ ಒಂದು ರೂಪಾಯಿಯೂ ಕೊಡಬೇಡಿ. ಅದು ಮೋಸ.

ಕ್ಲೋಸ್ ಆಗಿದೆ ಅಂದರೆ, ಮತ್ತೆ ಎಷ್ಟು ತಿಂಗಳ ಮೇಲೆ ಬರಬಹುದು ಅಂತ ಆಗಲೇ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಡ್ರೈವ್‌ನಲ್ಲಿ "ಮೊದಲು ಬಂದಿದ್ದಿರಾ?" ಅನ್ನೋ ಕಾಲಂಗೆ ಹೌದು ಅಂತಲೇ ಬರೆಯಿರಿ, ನಿಮ್ಮ ನಂಬರ್ ಹಾಕಿದರೆ ಹಳೇ ಸಾಲು ಹೇಗೂ ಬರುತ್ತೆ.