ರಾಜಕಾರಣಿಯ ಹೆಂಡತಿ, ಮಕ್ಕಳ ಸುದ್ದಿ ಎಲ್ಲಿಯವರೆಗೆ ಬರೆಯಬಹುದು?

ಪ್ರಶ್ನೆ: ರಾಜಕಾರಣಿಗಳ ಹೆಂಡತಿ, ಮಕ್ಕಳ ಬಗ್ಗೆ ಪೇಪರ್‌ನಲ್ಲಿ ಬರೆಯೋದು ಸರೀನಾ? ಅವರೇನು ಓಟು ಕೇಳಿ ಬಂದವರಲ್ಲ. ಜನರಿಗೆ ಗೊತ್ತಾಗಬೇಕಾದ್ದು ಯಾವುದು, ಅವರ ಮನೆ ವಿಷಯ ಯಾವುದು ಅಂತ ಹೇಗೆ ತೀರ್ಮಾನ ಮಾಡ್ತೀರಿ?

ನಾನು ದಿನಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಇಂಥ ಸುದ್ದಿ ಬಂದಾಗ ಅದರಲ್ಲಿರುವ ಸಂಗತಿ ಏನು ಅಂತ ಮೊದಲು ನೋಡುತ್ತೇನೆ. ಸಚಿವರ ಮಗ, ಶಾಸಕರ ಹೆಂಡತಿ ಅನ್ನೋದಷ್ಟೇ ಸುದ್ದಿಗೆ ಸಾಕಾಗುವುದಿಲ್ಲ. ಆ ಸಂಗತಿ ರಾಜಕಾರಣಿಯ ಅಧಿಕಾರಕ್ಕೆ, ಸರ್ಕಾರದ ಆಸ್ತಿಗೆ ಅಥವಾ ಅವರು ಜನರಿಗೆ ಹೇಳಿದ ಮಾತಿಗೆ ಎಲ್ಲಿ ತಾಗುತ್ತದೆ ಅಂತ ವರದಿಗಾರ ಒಂದೇ ವಾಕ್ಯದಲ್ಲಿ ಹೇಳಬೇಕು. ಹೇಳೋಕೆ ಆಗಲಿಲ್ಲ ಅಂದ್ರೆ ಸುದ್ದಿ ಅಲ್ಲಿಗೇ ನಿಲ್ಲುತ್ತದೆ.

ನಮಗೆಲ್ಲ ಗೊತ್ತಿರುವ ಮುಡಾ ಸೈಟುಗಳ ವಿಷಯ ತೆಗೆದುಕೊಳ್ಳಿ. ಸಿದ್ದರಾಮಯ್ಯ ಅವರ ಪತ್ನಿ ಚುನಾವಣೆಗೆ ನಿಂತವರಲ್ಲ, ವೇದಿಕೆ ಹತ್ತಿದವರೂ ಅಲ್ಲ. ಆದರೂ ಅವರ ಜಮೀನಿಗೆ ಬದಲಾಗಿ ಅವರಿಗೆ 14 ಸೈಟು ಹಂಚಿಕೆಯಾದದ್ದನ್ನು ಬರೆದದ್ದು ಸರಿ. ಯಾಕೆಂದರೆ ಹಂಚಿದ್ದು ಸರ್ಕಾರದ ಕೈಕೆಳಗಿನ ಪ್ರಾಧಿಕಾರ. ಆದರೆ ಬರೆಯುವ ಹಕ್ಕು ಸಿಕ್ಕಿದ್ದು ಸೈಟಿನ ಬಗ್ಗೆ ಮಾತ್ರ. ಜಮೀನು ಹೇಗೆ ಬಂತು, ಬದಲಿಗೆ ಕೊಟ್ಟ ಸೈಟು ಎಲ್ಲಿದೆ, ಯಾರು ಸಹಿ ಹಾಕಿದರು, ಇಷ್ಟು ಬೇಕು. ಅವರ ಆರೋಗ್ಯ, ಮನೆಯೊಳಗಿನ ಮಾತು ಇವೆಲ್ಲ ಆ ಸುದ್ದಿಯ ಬಾಲ ಹಿಡಿದು ಒಳಗೆ ಬರಬಾರದು. ಬರೆದ ಮೇಲೆ ಇನ್ನೊಂದು ಹೊಣೆಯೂ ಇದೆ. ಲೋಕಾಯುಕ್ತ ಪೊಲೀಸರು 2025ರಲ್ಲಿ ಸಾಕ್ಷ್ಯವಿಲ್ಲ ಅಂತ ಬಿ ರಿಪೋರ್ಟ್ ಹಾಕಿದರು. ಆರೋಪ ಮುಖಪುಟದಲ್ಲಿ ಬಂದಿದ್ದರೆ ಇದೂ ಅಲ್ಲೇ ಬರಬೇಕು. ಒಳಪುಟದ ಮೂಲೆಗೆ ಹಾಕಿದರೆ ಆ ಮಹಿಳೆಗೆ ಅನ್ಯಾಯ.

ಆಸ್ತಿಯ ವಿಷಯದಲ್ಲಂತೂ ಕಾನೂನೇ ಒಂದು ಗೆರೆ ಎಳೆದಿದೆ. ಚುನಾವಣೆಗೆ ನಿಲ್ಲುವವರು ನಾಮಪತ್ರದ ಜೊತೆ ನಮೂನೆ 26ರಲ್ಲಿ ಅಫಿಡವಿಟ್ ಕೊಡಬೇಕು. ಅದರಲ್ಲಿ ಅಭ್ಯರ್ಥಿಯ ಜೊತೆಗೆ ಗಂಡ ಅಥವಾ ಹೆಂಡತಿಗೆ, ಅವಲಂಬಿತರಿಗೆ ಪ್ರತ್ಯೇಕ ಕಾಲಂಗಳಿವೆ. ಅಂದರೆ ಹೆಂಡತಿಯ ಚಿನ್ನ ಎಷ್ಟು, ಸಾಲ ಎಷ್ಟು ಅನ್ನೋದು ಮತದಾರರಿಗೆ ಗೊತ್ತಾಗಬೇಕು ಅಂತ ಆಗಲೇ ತೀರ್ಮಾನವಾಗಿದೆ. ಕಾರಣವೂ ಸರಳ. ತನ್ನ ಹೆಸರಲ್ಲಿ ಇಡಬಾರದ್ದನ್ನು ಮನೆಯವರ ಹೆಸರಲ್ಲಿ ಇಡೋದು ಹಳೇ ದಾರಿ. ಆದರೆ ಸ್ವಂತ ದುಡಿಮೆಯಲ್ಲಿ ಬೇರೆ ಸಂಸಾರ ನಡೆಸುವ ಮಗ ಅವಲಂಬಿತನಲ್ಲ. ಅವನ ಆಸ್ತಿ ಆ ಕಾಲಂಗೆ ಬರೋದಿಲ್ಲ. ಅವನ ಬಗ್ಗೆ ಬರೆಯಬೇಕಾದರೆ ನಿಮಗೆ ಬೇರೆ ಕಾರಣ ಬೇಕು. ಅಪ್ಪನ ಇಲಾಖೆಯ ಗುತ್ತಿಗೆ ಅವನಿಗೆ ಸಿಕ್ಕಿತು ಅನ್ನೋಹಾಗೆ.

ಈ ಗೆರೆ ಎಷ್ಟು ಸಣ್ಣದಕ್ಕೂ ಅನ್ವಯಿಸುತ್ತೆ ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಅರುಣಾಚಲ ಪ್ರದೇಶದ ತೇಜು ಕ್ಷೇತ್ರದಲ್ಲಿ 2019ರಲ್ಲಿ ಗೆದ್ದ ಕರಿಖೋ ಕ್ರಿ ಅವರು ಹೆಂಡತಿ, ಮಗನ ಹೆಸರಲ್ಲಿದ್ದ ಮೂರು ವಾಹನಗಳನ್ನು ಅಫಿಡವಿಟ್‌ನಲ್ಲಿ ತೋರಿಸಿಲ್ಲ ಅಂತ ಸೋತವರು ತಕರಾರು ತೆಗೆದರು. ವಾಹನ ಅಂದರೆ ಭಾರಿ ಕಾರೇನಲ್ಲ. ಒಂದು ಸ್ಕೂಟಿ, ಒಂದು ಬೈಕು, ಒಂದು ಓಮ್ನಿ ವ್ಯಾನು. ಅವನ್ನು ಮೊದಲೇ ಬೇರೆಯವರಿಗೆ ಕೊಟ್ಟಾಗಿತ್ತು, ದಾಖಲೆಯಲ್ಲಿ ಮಾತ್ರ ಹೆಸರು ಬದಲಾಗಿರಲಿಲ್ಲ. ಹೈಕೋರ್ಟ್ ಆಯ್ಕೆಯನ್ನೇ ರದ್ದು ಮಾಡಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಭ್ಯರ್ಥಿಗೂ ಖಾಸಗಿತನ ಇದೆ, ಮತದಾರರಿಗೆ ಸಂಬಂಧವಿಲ್ಲದ್ದನ್ನೆಲ್ಲ ತೆರೆದಿಡಬೇಕಿಲ್ಲ ಅಂದಿತು. ಅಲ್ಲಿ ಕೊಟ್ಟ ಉದಾಹರಣೆ ನನಗೆ ದಿನಾ ಉಪಯೋಗಕ್ಕೆ ಬರುತ್ತದೆ. ಮನೆಯವರ ಹತ್ತಿರ ದುಬಾರಿ ಕೈಗಡಿಯಾರಗಳ ರಾಶಿ ಇದ್ದರೆ ಹೇಳಲೇಬೇಕು, ಅದು ಅವರ ಬದುಕಿನ ರೀತಿ ತೋರಿಸುತ್ತದೆ. ಸಾದಾ ಗಡಿಯಾರ ಒಂದನ್ನು ಬರೆಯಲಿಲ್ಲ ಅಂದರೆ ಅದು ತಪ್ಪಾಗಲಿಕ್ಕಿಲ್ಲ. ತೀರ್ಪು ಅಭ್ಯರ್ಥಿಗಳ ಬಗ್ಗೆ, ನಿಜ. ಆದರೆ ವರದಿಗಾರರಿಗೂ ಅದೇ ಅಳತೆ ಸಾಕು ಅಂತ ನನ್ನ ಅಭಿಪ್ರಾಯ.

ದುಡ್ಡಿನ ಲೆಕ್ಕ ಇಲ್ಲದ ಕಡೆ ಕಷ್ಟ ಜಾಸ್ತಿ. ಅದಕ್ಕೆ ನನಗೆ ಯಾವಾಗಲೂ ನೆನಪಾಗೋದು ಬ್ರಿಟನ್ನಿನ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಅವರ ಕಿರಿಮಗ ಲಿಯೊನ ವಿಷಯ. ದಡಾರ, ಕೆಪ್ಪಟೆ, ರುಬೆಲ್ಲಾ ಮೂರಕ್ಕೂ ಸೇರಿ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಅಂತ 1998ರಲ್ಲಿ ಒಂದು ಪ್ರಬಂಧ ಬಂತು. ಬರೀ 12 ಮಕ್ಕಳನ್ನು ನೋಡಿ ಬರೆದದ್ದು. ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಅದನ್ನು ವಾಪಸ್ ಪಡೆಯಿತು. ಆದರೆ ಅಷ್ಟರಲ್ಲಿ ಬ್ರಿಟನ್ನಿನ ತಾಯಂದಿರು ಹೆದರಿದ್ದರು. ಲಸಿಕೆ ಹಾಕಿಸಿ ಅಂತ ಸರ್ಕಾರ ಹೇಳುತ್ತಿತ್ತು. ಲಿಯೊ ಹುಟ್ಟಿದ್ದು 2000ದ ಮೇನಲ್ಲಿ. ಅವನಿಗೆ ಲಸಿಕೆಯ ವಯಸ್ಸು ಬಂದಾಗ ಪತ್ರಕರ್ತರು ಕೇಳಿದರು: ನಿಮ್ಮ ಮಗನಿಗೆ ಹಾಕಿಸಿದ್ರಾ? ಬ್ಲೇರ್ ದಂಪತಿ ಹೇಳಲಿಲ್ಲ. ಮಕ್ಕಳ ವೈದ್ಯಕೀಯ ವಿಷಯ ಹೊರಗೆ ಹೇಳೋದಿಲ್ಲ ಅಂದರು. ಹಾಕಿಸಿದ್ದೆವು ಅಂತ ತಾಯಿ ಶೆರಿ ಬ್ಲೇರ್ ಹೇಳಿದ್ದು 2008ರಲ್ಲಿ. ಈ ನಡುವೆ ಇಂಗ್ಲೆಂಡಿನಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳ ಪ್ರಮಾಣ ಸುಮಾರು 80%ಕ್ಕೆ ಇಳಿದಿತ್ತು. ದಡಾರ ಹರಡದಿರಬೇಕಾದರೆ 95% ಬೇಕು.

ಇಲ್ಲಿ ಎರಡೂ ಕಡೆ ತೂಕ ಇದೆ, ಅಲ್ವಾ? ಊರಿಗೆಲ್ಲ ಹಾಕಿಸಿ ಅನ್ನುವವರು ತಮ್ಮ ಮಗುವಿಗೆ ಹಾಕಿಸಿದ್ದಾರೋ ಇಲ್ಲವೋ ಅನ್ನೋದು ಜನರಿಗೆ ಸಂಬಂಧಪಟ್ಟ ಪ್ರಶ್ನೆಯೇ. ಆದ್ದರಿಂದ ಪ್ರಧಾನಿಯನ್ನು ಕೇಳಿದ್ದು ತಪ್ಪಲ್ಲ, ಅವರು ಹೇಳಲಿಲ್ಲ ಅಂತ ಅಚ್ಚು ಹಾಕಿದ್ದೂ ತಪ್ಪಲ್ಲ. ಆದರೆ ಪ್ರಶ್ನೆ ಅಪ್ಪನಿಗೆ ಸೇರಿದ್ದು. ಉತ್ತರ ಬರಲಿಲ್ಲ ಅಂತ ಮಗುವಿನ ವೈದ್ಯಕೀಯ ದಾಖಲೆಗೆ ಕೈ ಹಾಕೋದು, ನರ್ಸನ್ನು ಹಿಡಿದು ಕೇಳೋದು ಸರಿಯಲ್ಲ. ಆ ದಾಖಲೆ ಮಗುವಿನದು, ಮಗು ಯಾರಿಗೂ ಏನನ್ನೂ ಉಪದೇಶ ಮಾಡಿಲ್ಲ. ಇನ್ನೊಂದು ಮಾತು. ಒಂದು ಮಗುವಿಗೆ ಲಸಿಕೆ ಹಾಕಿಸಿದ್ದರಿಂದ ಆ ಲಸಿಕೆ ಸುರಕ್ಷಿತ ಅಂತ ತೀರ್ಮಾನ ಆಗುವುದಿಲ್ಲ. ಹೆದರಿದ ತಾಯಿಗೆ ಬೇಕಿದ್ದದ್ದು ಲಕ್ಷಾಂತರ ಮಕ್ಕಳನ್ನು ನೋಡಿ ಮಾಡಿದ ಅಧ್ಯಯನದಲ್ಲಿ ಏನು ಸಿಕ್ಕಿತು ಅನ್ನೋ ಮಾಹಿತಿ. ಪತ್ರಿಕೆಗಳಲ್ಲಿ ಅದಕ್ಕೆ ಸಿಗಬೇಕಿದ್ದ ಜಾಗವನ್ನು ಲಿಯೊ ತಿಂದುಬಿಟ್ಟ. ಸಂಪಾದಕರು ಎಡವಿದ್ದು ಇಲ್ಲೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ನಮ್ಮ ಪ್ರೆಸ್ ಕೌನ್ಸಿಲ್ ನಿಯಮಗಳೂ ಮಕ್ಕಳ ವಿಷಯದಲ್ಲಿ ಬಿಗಿಯಾಗಿವೆ. ಗಣ್ಯರ ಕುಟುಂಬ ಸುಮ್ನೆ ಸುದ್ದಿಯ ವಸ್ತುವಲ್ಲ, ಅಪ್ರಾಪ್ತರಂತೂ ಅಲ್ಲವೇ ಅಲ್ಲ, ಸಾರ್ವಜನಿಕ ಹಿತ ಅಷ್ಟು ದೊಡ್ಡದಿದ್ದರೂ ತಂದೆತಾಯಿಯ ಒಪ್ಪಿಗೆ ಕೇಳೋದು ಸರಿ ಅನ್ನುತ್ತವೆ. ಪಾಲಿಸದಿದ್ದರೆ ಕೌನ್ಸಿಲ್ ಛೀಮಾರಿ ಹಾಕಬಹುದು, ದಂಡ ಹಾಕೋ ಅಧಿಕಾರ ಅದಕ್ಕಿಲ್ಲ. ಟಿವಿ ಅದರ ವ್ಯಾಪ್ತಿಗೇ ಬರೋದಿಲ್ಲ. ಹಾಗಾಗಿ ಕೊನೆಗೆ ಎಲ್ಲ ನಿಲ್ಲೋದು ಡೆಸ್ಕ್‌ನಲ್ಲಿ ಕೂತವರ ಮೇಲೆ.

ಬರೆಯೋದು ಅಂತ ತೀರ್ಮಾನವಾದ ಮೇಲೂ ಕೆಲಸ ಇದೆ. ಮಗಳ ಶಾಲೆಯ ಹೆಸರು, ಮನೆಯ ಫೋಟೊ, ಅಫಿಡವಿಟ್‌ನಲ್ಲಿ ಸಿಕ್ಕ ವಿಳಾಸ ಇವನ್ನು ತೆಗೆದರೂ ಸುದ್ದಿ ನಿಲ್ಲುತ್ತದಾ ನೋಡುತ್ತೇನೆ. ನಿಲ್ಲುವುದಾದರೆ ತೆಗೆಯುತ್ತೇನೆ. ಇನ್ನು ಪ್ರತಿಕ್ರಿಯೆ. ಹೆಚ್ಚಿನವರು ರಾಜಕಾರಣಿಗೆ ಫೋನ್ ಮಾಡಿ, ಅವರ ಮಾತು ಹಾಕಿ ಮುಗಿಸುತ್ತಾರೆ. ಹೆಂಡತಿಯ ಹೆಸರಲ್ಲಿರುವ ಜಮೀನಿನ ಬಗ್ಗೆ ಗಂಡ ಹೇಳಿದ್ದಷ್ಟೇ ಬಂದರೆ ಸಾಲದು. ಅವರನ್ನೇ ಕೇಳಬೇಕು, ದಾಖಲೆ ನೋಡಿ ಉತ್ತರಿಸೋಕೆ ಸಮಯ ಕೊಡಬೇಕು. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಹತ್ತಕ್ಕೆ ಪುಟ ಕಳಿಸಿ, ‘ಸಂಪರ್ಕಕ್ಕೆ ಸಿಗಲಿಲ್ಲ’ ಅಂತ ಬರೆದ ವರದಿ ನನ್ನ ಟೇಬಲ್‌ಗೆ ಬಂದರೆ ಅದನ್ನು ಮಾರನೇ ದಿನಕ್ಕೆ ಇಡುತ್ತೇನೆ.