ಇನ್‌ಹೇಲರ್ ಶುರು ಮಾಡಿದ ಮೇಲೆ ಗಂಟಲು ನೋವು, ನಾಲಿಗೆ ಮೇಲೆ ಬಿಳಿ ಪೊರೆ: ನಿಲ್ಲಿಸಿಬಿಡಲೇ?

ಪ್ರಶ್ನೆ: ಅಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ತಗೊಳ್ತಾ ಒಂದೂವರೆ ತಿಂಗಳಾಯ್ತು. ಈಗ ಗಂಟಲು ಉರಿ, ಬಾಯಲ್ಲಿ ಬಿಳಿ ಬಿಳಿ. ಇದನ್ನ ಬಿಟ್ಟು ಬೇರೆ ಇನ್‌ಹೇಲರ್‌ಗೆ ಬದಲಾಯಿಸೋದು ಒಳ್ಳೆಯದಾ?

ಉತ್ತರ:

ಬಿಡಬೇಡಿ. ನಾನು ಬಿಟ್ಟು ಕೆಟ್ಟವನು.

ನನ್ನದು ಬುಡೆಸೊನೈಡ್ ಸ್ಪ್ರೇ. ಉಬ್ಬಸ ಹತೋಟಿಗೆ ಬರಲಿಲ್ಲವೆಂದು ವೈದ್ಯರು ಪ್ರಮಾಣವನ್ನು ದುಪ್ಪಟ್ಟು ಮಾಡಿದರು: ಬೆಳಿಗ್ಗೆ 400, ರಾತ್ರಿ 400 ಮೈಕ್ರೋಗ್ರಾಂ. ಎದೆ ಹಗುರವಾಯಿತು. ಆದರೆ ಮೂರು ವಾರ ಕಳೆಯುವಷ್ಟರಲ್ಲಿ ಬೆಳಗಿನ ಹೊತ್ತು ಬಾಯೊಳಗೆ ಹತ್ತಿ ತುರುಕಿದ ಹಾಗೆ ಅನಿಸತೊಡಗಿತು. ರುಚಿ ಹತ್ತುತ್ತಿರಲಿಲ್ಲ, ಬಿಸಿಯದ್ದು ನುಂಗಿದರೆ ಗಂಟಲು ಗೀರಿದಂತೆ ಉರಿ. ನೆಗಡಿ ಇರಬೇಕು ಅಂದುಕೊಂಡೆ. ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಐದು ದಿನ ನುಂಗಿದೆ. ಅದು ಉರಿಯುವ ಬೆಂಕಿಗೆ ತುಪ್ಪ. ಇದು ಬ್ಯಾಕ್ಟೀರಿಯಾದ ಸೋಂಕಲ್ಲ, ಕ್ಯಾಂಡಿಡಾ ಅನ್ನುವ ಫಂಗಸ್. ಅದನ್ನು ಅಂಕೆಯಲ್ಲಿಟ್ಟಿದ್ದ ಬಾಯಿಯ ಬ್ಯಾಕ್ಟೀರಿಯಾಗಳನ್ನೇ ನಾನು ಕೊಂದು ಅದಕ್ಕೆ ಜಾಗ ಮಾಡಿಕೊಟ್ಟಿದ್ದೆ.

ಆಮೇಲೆ ಇನ್‌ಹೇಲರ್‌ನ ಪತ್ರಿಕೆ ಓದಿ ಹೆದರಿ, ಯಾರನ್ನೂ ಕೇಳದೆ ಅದನ್ನೇ ನಿಲ್ಲಿಸಿದೆ. ಗಂಟಲು ಸ್ವಲ್ಪ ಸುಧಾರಿಸಿತು. ಆರನೇ ರಾತ್ರಿ ಎರಡು ಗಂಟೆಗೆ ಮಂಚದ ಅಂಚಿನಲ್ಲಿ ಕೂತು ಉಸಿರಿಗೆ ಒದ್ದಾಡುತ್ತಿದ್ದೆ. ತುರ್ತು ವಿಭಾಗದಲ್ಲಿ ನೆಬ್ಯುಲೈಜರ್ ಹಾಕಿ, ಐದು ದಿನಕ್ಕೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಕೊಟ್ಟರು, ದಿನಕ್ಕೆ 40 ಮಿಲಿಗ್ರಾಂ. ನಾನು ಹೆದರಿ ಬಿಟ್ಟದ್ದು ದಿನಕ್ಕೆ 800 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮೂ ಅಲ್ಲ. ಎರಡೂ ಬೇರೆ ಬೇರೆ ಔಷಧಿ, ತಕ್ಕಡಿಗೆ ಹಾಕಿ ತೂಗುವಂಥದ್ದಲ್ಲ, ನಿಜ. ಆದರೂ ಸ್ಟೀರಾಯ್ಡ್ ಬೇಡವೆಂದು ಓಡಿದವನು ಇಡೀ ಮೈಗೆ ಸ್ಟೀರಾಯ್ಡ್ ತುಂಬಿಸಿಕೊಂಡು ಮನೆಗೆ ಬಂದೆ.

ಅಲ್ಲಿದ್ದ ವೈದ್ಯೆ ಟಾರ್ಚ್ ಹಾಕಿ ಬಾಯಿ ನೋಡಿದರು. ಅಂಗುಳಿನ ಮೇಲೆ, ಕೆನ್ನೆಯ ಒಳಗೆ, ಕಿರುನಾಲಿಗೆಯ ಅಕ್ಕಪಕ್ಕ ಒಡೆದ ಹಾಲಿನಂಥ ಬಿಳಿ ಚುಕ್ಕೆಗಳು. ಒಂದನ್ನು ಗಾಜ್ ಬಟ್ಟೆಯಿಂದ ಒರೆಸಿದರು. ಬಿಳಿ ಎದ್ದು ಬಂತು, ಕೆಳಗೆ ಕೆಂಪಗೆ ಹಸಿ ಗಾಯ.

“ಪಫ್ ತಗೊಂಡ್ಮೇಲೆ ಬಾಯಿ ತೊಳ್ಕೋತೀರಾ?”

“ತೊಳ್ಕೋತೀನಿ ಮೇಡಂ, ತಪ್ಪದೆ ನೀರು ಕುಡೀತೀನಿ.”

“ಕುಡಿಯೋದು ಬೇರೆ, ಮುಕ್ಕಳಿಸಿ ಉಗುಳೋದು ಬೇರೆ ಅಲ್ವಾ?”

ಇದೊಂದೇ ತಪ್ಪು, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನನ್ನ ಇನ್‌ಹೇಲರ್ ಇರುತ್ತಿದ್ದದ್ದು ದಿಂಬಿನ ಪಕ್ಕದಲ್ಲಿ. ರಾತ್ರಿ ಹಲ್ಲುಜ್ಜಿ, ಮಲಗಿ, ದೀಪ ಆರಿಸಿ, ಕೊನೆಯ ಕೆಲಸವೆಂದು ಎರಡು ಪಫ್ ಎಳೆದು, ಪಕ್ಕದ ಲೋಟದಿಂದ ಒಂದು ಗುಟುಕು ನೀರು. ಬಾಯಿ ತೊಳೆದ ಲೆಕ್ಕ ಅಲ್ಲಿಗೆ ಮುಗಿಯಿತು. ಸ್ಪ್ರೇಯನ್ನು ಹಾಗೇ ನೇರವಾಗಿ ಬಾಯಿಗಿಟ್ಟು ಹೊಡೆದರೆ ಶ್ವಾಸಕೋಶಕ್ಕೆ ಇಳಿಯುವುದು ಸ್ವಲ್ಪ ಪಾಲು ಮಾತ್ರ. ಹೆಚ್ಚಿನದು ರಭಸಕ್ಕೆ ಅಂಗುಳಿಗೆ, ಗಂಟಲಿನ ಹಿಂಗೋಡೆಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತದೆ. ಗುಟುಕು ನೀರು ನಾಲಿಗೆಯ ನಡುವಿನಿಂದ ಜಾರಿ ಹೊಟ್ಟೆಗೆ ಹೋಗುತ್ತದೆಯೇ ಹೊರತು ಅಂಗುಳಿಗಾಗಲಿ ಕೆನ್ನೆಯ ಒಳಮೈಗಾಗಲಿ ಸರಿಯಾಗಿ ತಾಗುವುದಿಲ್ಲ. ಅದರ ಮೇಲೆ ನಿದ್ದೆಯಲ್ಲಿ ಜೊಲ್ಲು ಊರುವುದು ತೀರಾ ಕಡಿಮೆ. ಹಗಲಾದರೆ ಜೊಲ್ಲೇ ತಕ್ಕಮಟ್ಟಿಗೆ ತೊಳೆಯುತ್ತಿತ್ತು. ರಾತ್ರಿ ಆ ಔಷಧಿ ಗಂಟೆಗಟ್ಟಲೆ ಅಲ್ಲೇ ಕೂತಿರುತ್ತಿತ್ತು. ಶ್ವಾಸನಾಳದ ಊತ ಇಳಿಸುವ ಆ ಗುಣವೇ ಬಾಯಿಯ ಒಳಪದರದಲ್ಲಿ ಅಲ್ಲಿನ ಕಾವಲನ್ನು ಮಂಕು ಮಾಡುತ್ತದೆ. ಕ್ಯಾಂಡಿಡಾ ಹೊರಗಿನಿಂದ ಬಂದದ್ದಲ್ಲ, ಎಷ್ಟೋ ಜನರ ಬಾಯಲ್ಲಿ ಸುಮ್ಮನೆ ಇರುವಂಥದ್ದು. ಕಾವಲು ಸಡಿಲವಾದಾಗ ಹಬ್ಬಿತು, ಅಷ್ಟೆ.

ಆದ್ದರಿಂದ ‘ಬೇರೆ ಇನ್‌ಹೇಲರ್’ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಸಿಕ್ಲೆಸೊನೈಡ್ ಅಂತ ಒಂದಿದೆ, ಬಹುಮಟ್ಟಿಗೆ ಶ್ವಾಸಕೋಶಕ್ಕೆ ಹೋದ ಮೇಲೆಯೇ ಚುರುಕಾಗುತ್ತದೆ, ಬಾಯಿಗೆ ತೊಂದರೆ ಕಡಿಮೆ. ಅದು ಆಮೇಲಿನ ಮಾತು. ಪಫ್ ಆದ ಮರುನಿಮಿಷ ನೀವು ಏನು ಮಾಡುತ್ತಿದ್ದೀರಿ ಅನ್ನುವುದು ಮೊದಲು.

ನಾನು ಈಗ ಇನ್‌ಹೇಲರನ್ನು ಬಚ್ಚಲಲ್ಲಿ, ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಟ್ಟಿದ್ದೇನೆ. ಮೊದಲು ಪಫ್, ಆಮೇಲೆ ಬ್ರಷ್. ಈ ಕ್ರಮ ತಿರುವುಮುರುವಾದರೆ ಕೆಲಸ ಕೆಟ್ಟಿತು. ಕೊನೆಯ ಪಫ್ ಎಳೆದು ಉಸಿರು ಹಿಡಿದು ಬಿಟ್ಟ ಕೂಡಲೇ ಒಂದು ಬಾಯಿ ನೀರು, ಎರಡೂ ಕೆನ್ನೆಗೆ ಚೆನ್ನಾಗಿ ಆಡಿಸಿ ಉಗುಳುತ್ತೇನೆ. ಮತ್ತೊಂದು ಬಾಯಿ ನೀರು ತಗೊಂಡು ತಲೆ ಹಿಂದಕ್ಕೆ ಚೆಲ್ಲಿ ಗಂಟಲಲ್ಲಿ ಗಳಗಳ ಅನ್ನಿಸಿ ಉಗುಳುತ್ತೇನೆ. ಇದನ್ನೇ ಇನ್ನೊಂದು ಸಲ. ಬರೀ ನೀರು ಸಾಕು. ಹತ್ತು ನಿಮಿಷ ಬಿಟ್ಟು ಮಾಡಿದರಾಯಿತು ಅನ್ನಬೇಡಿ, ಔಷಧಿ ನಿಮಗಾಗಿ ಕಾಯುವುದಿಲ್ಲ. ಜೊತೆಗೆ ಸ್ಪ್ರೇಗೂ ಬಾಯಿಗೂ ನಡುವೆ ಸಿಕ್ಕಿಸುವ ಕೊಳವೆ, ಸ್ಪೇಸರ್, ಸೇರಿಸಿಕೊಂಡೆ. ದಪ್ಪ ಹನಿಗಳು ಆ ಕೊಳವೆಯಲ್ಲೇ ಉಳಿದು ಸಣ್ಣವು ಮಾತ್ರ ಒಳಗೆ ಬರುತ್ತವೆ, ಗಂಟಲಿಗೆ ಬಡಿಯುವುದು ತುಂಬಾ ಕಡಿಮೆಯಾಗುತ್ತದೆ. ಆದರೆ ಸ್ಪೇಸರ್ ಇರುವುದು ಗ್ಯಾಸ್ ಸ್ಪ್ರೇಗೆ. ನಿಮ್ಮದು ಪುಡಿ ಎಳೆಯುವ ಬಗೆಯಾದರೆ ಮುಕ್ಕಳಿಸುವುದೇ ನಿಮ್ಮ ಆಯುಧ.

ಈಗಾಗಲೇ ಹಬ್ಬಿರುವುದು ಮಾತ್ರ ನೀರಿಗೆ ಜಗ್ಗುತ್ತದೆಂದು ಕಾಯಬೇಡಿ. ವೈದ್ಯರಿಗೆ ತೋರಿಸಿ, ಇನ್‌ಹೇಲರ್ ತಗೊಳ್ಳುತ್ತೇನೆ ಅನ್ನುವುದನ್ನು ಮೊದಲ ಮಾತಾಗಿಯೇ ಹೇಳಿ. ನನಗೆ ನಿಸ್ಟಾಟಿನ್ ದ್ರವ ಕೊಟ್ಟಿದ್ದರು, ದಿನಕ್ಕೆ ನಾಲ್ಕು ಸಲ, ಬಾಯಲ್ಲಿ ಆದಷ್ಟು ಹೊತ್ತು ಹಿಡಿದುಕೊಂಡು ನುಂಗುವುದು. ನಾಲ್ಕನೇ ದಿನಕ್ಕೆ ಬಿಳಿ ಹೋಯಿತು, ಆದರೂ ಇನ್ನೆರಡು ದಿನ ಬಿಡದೆ ಹಾಕಿಸಿದರು. ಅಷ್ಟೂ ದಿನ ಇನ್‌ಹೇಲರ್ ನಡೆದೇ ಇತ್ತು.

ಬಿಳಿ ಹೋಗಿಯೂ ಧ್ವನಿ ಒಡೆದೇ ಇದ್ದರೆ ಅದು ಫಂಗಸ್ ಆಗಿರಲೇಬೇಕಿಲ್ಲ. ಔಷಧಿ ಧ್ವನಿತಂತುಗಳಿಗೇ ತಾಗಿ ಹಾಗಾಗುತ್ತದೆ, ಅದಕ್ಕೆ ಮುಕ್ಕಳಿಸಿ ಅಷ್ಟೇನೂ ಲಾಭವಿಲ್ಲ, ಪ್ರಮಾಣದ ಬಗ್ಗೆ ವೈದ್ಯರ ಜೊತೆ ಮಾತಾಡಬೇಕು. ನುಂಗಿದ್ದು ಎದೆಯಲ್ಲಿ ಸಿಕ್ಕಿಕೊಂಡಂತೆ ನೋವಾದರೆ ತಡ ಮಾಡದೆ ಹೋಗಿ, ಫಂಗಸ್ ಅನ್ನನಾಳಕ್ಕೂ ಇಳಿದಿರಬಹುದು. ನೆಟ್ಟಗೆ ಮುಕ್ಕಳಿಸಿಯೂ ಮತ್ತೆ ಮತ್ತೆ ಬಂದರೆ ರಕ್ತದ ಸಕ್ಕರೆ ಒಮ್ಮೆ ನೋಡಿಸಿ.

ಹಾಂ, ಉಬ್ಬಸ ಬಂದಾಗ ಹೊಡೆದುಕೊಳ್ಳುವ ಸಾಲ್ಬುಟಮಾಲ್ ಸ್ಪ್ರೇ ಇದೆಯಲ್ಲ, ಅದರಲ್ಲಿ ಸಾಲ್ಬುಟಮಾಲ್ ಮಾತ್ರವೇ ಇದ್ದರೆ ಸ್ಟೀರಾಯ್ಡ್ ಇಲ್ಲ. ಮಧ್ಯರಾತ್ರಿ ಏದುಸಿರು ಬಿಡುವಾಗ ಅದನ್ನು ತಗೊಂಡು ಬಚ್ಚಲಿಗೆ ಓಡಬೇಕಾಗಿಲ್ಲ.